ಆರು ತಟ್ಟೆ, ಒಂದು ಕ್ಲೇಮು: ಅಡಿಕೆ ಸುಲಿಯುವ ಯಂತ್ರವೊಂದರ ಪೇಟೆಂಟ್ ಅರ್ಜಿಯ ಪ್ರಕರಣ ಅಧ್ಯಯನ

ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ ಅಡಿಕೆ ತೋಟವಿರುವ ಕೃಷಿಕರೊಬ್ಬರು ತಮ್ಮ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಚಾಲಿ ಅಡಿಕೆ ಸುಲಿಯುವ ಯಂತ್ರವೊಂದನ್ನು ಕಟ್ಟಿದ್ದರು. ಸಂಬಂಧದಲ್ಲಿ ಅವರು ನನಗೆ ಮಾವನಾಗಬೇಕು. ಪೇಟೆಂಟ್ ಅರ್ಜಿ ಬರೆಯುವುದು ನನ್ನ ಕಸುಬಾದ್ದರಿಂದ ಕೆಲಸ ಸಹಜವಾಗಿ ನನ್ನ ಕೈಗೆ ಬಂತು. ಅವರ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿ, ಆ ಅರ್ಜಿಯ ಕ್ಲೇಮುಗಳು ರೂಪುಗೊಂಡ ಬಗೆಯನ್ನು ಇಲ್ಲಿ ಬರೆದಿದ್ದೇನೆ. ಕ್ಲೇಮು ಎಂದರೆ ಪೇಟೆಂಟ್ ವಿವರಣೆಯ ಕೊನೆಯಲ್ಲಿ, ಇಷ್ಟು ನನ್ನದು ಎಂದು ಗಡಿ ಎಳೆಯುವ ವಾಕ್ಯ. ವಿವರಣೆಯ ಉಳಿದ ಭಾಗವೆಲ್ಲ ಆ ಗಡಿಯೊಳಗಿನ ಜಾಗ ತನ್ನದೆನ್ನುವುದಕ್ಕೆ ಆಧಾರ ಒದಗಿಸಬೇಕು.

ಯಂತ್ರದ ವಿಷಯ ಮೊದಲು ಹೇಳಬೇಕು. ಅಂಗಳದಲ್ಲಿ ನಲವತ್ತು-ನಲವತ್ತೈದು ದಿನ ಒಣಗಿದ ಅಡಿಕೆಯನ್ನು ಹಲ್ಲುಗಳಿರುವ ತಿರುಗುವ ಉರುಳೆಗೂ ಅದರ ಎದುರಿನ ಬಾಗಿದ ಕಬ್ಬಿಣದ ತಟ್ಟೆಗೂ ನಡುವೆ ಬಿಟ್ಟರೆ, ಹಲ್ಲು ಸಿಪ್ಪೆಯನ್ನು ಹಿಡಿದು ಹರಿಯುತ್ತದೆ, ಒಳಗಿನ ಅಡಿಕೆ ಕೆಳಗೆ ಬೀಳುತ್ತದೆ. ಈ ಬಗೆಯ ಯಂತ್ರಗಳು ಮೊದಲೇ ಇದ್ದವು. ಅವುಗಳ ತೊಂದರೆಯೆಂದರೆ, ಒಂದೇ ಗೊನೆಯ ಅಡಿಕೆಗಳೂ ಒಂದೇ ಗಾತ್ರದಲ್ಲಿ ಇರುವುದಿಲ್ಲ. ನಡುವಿನ ಸಂದನ್ನು ಸಣ್ಣದಕ್ಕೆ ಹೊಂದಿಸಿದರೆ ದೊಡ್ಡದು ಒಡೆಯುತ್ತದೆ, ಒಡೆದದ್ದಕ್ಕೆ ಮಂಡಿಯಲ್ಲಿ ಚಾಲಿಯ ದರ ಸಿಗುವುದಿಲ್ಲ. ದೊಡ್ಡದಕ್ಕೆ ಹೊಂದಿಸಿದರೆ ಸಣ್ಣದು ಸಿಪ್ಪೆ ಸಮೇತ ಆಚೆಗೆ ಜಾರುತ್ತದೆ. ತಟ್ಟೆಯ ಅಡಿಗೆ ಸ್ಪ್ರಿಂಗು ಕೊಟ್ಟರೂ ಪೂರ್ತಿ ಪರಿಹಾರವಾಗುವುದಿಲ್ಲ. ಒಂದು ದಪ್ಪ ಅಡಿಕೆ ಬಂದು ತಟ್ಟೆಯನ್ನು ಒತ್ತಿದರೆ ಇಡೀ ತಟ್ಟೆಯೇ ತಗ್ಗಿ, ಆ ಕ್ಷಣ ಪಕ್ಕದಲ್ಲಿ ಹಾದುಹೋಗುವ ಸಣ್ಣ ಅಡಿಕೆಗಳೆಲ್ಲ ಸುಲಿಯದೆ ಉಳಿಯುತ್ತವೆ.

ಮಾವ ಆ ತಟ್ಟೆಯನ್ನು ಅಡ್ಡಕ್ಕೆ ಆರು ತುಂಡು ಮಾಡಿ, ಪ್ರತಿಯೊಂದಕ್ಕೂ ಗುಜರಿಯಿಂದ ತಂದ ಎರಡೆರಡು ಸುರುಳಿ ಸ್ಪ್ರಿಂಗು ಕೊಟ್ಟಿದ್ದರು. ನಾನು ಹೋದ ದಿನ ಮೋಟಾರು ಬಂದ್ ಮಾಡಿ, ಉರುಳೆಯನ್ನು ಕೈಯಲ್ಲಿ ತಿರುಗಿಸುತ್ತ, ಮೂರನೆಯ ತಟ್ಟೆಯ ಮೇಲೆ ಒಂದು ದಪ್ಪ ಅಡಿಕೆಯನ್ನೂ ನಾಲ್ಕನೆಯದರ ಮೇಲೆ ಒಂದು ಸಣ್ಣದನ್ನೂ ಬಿಟ್ಟು ತೋರಿಸಿದರು. ಮೂರನೆಯದು ಮಾತ್ರ ಹೆಬ್ಬೆರಳಿನ ಉಗುರಿನಷ್ಟು ತಗ್ಗಿತು. ನಾಲ್ಕನೆಯದು ಇದ್ದಲ್ಲೇ ಇದ್ದು ಸಣ್ಣ ಅಡಿಕೆಯನ್ನು ಸುಲಿದು ಕೆಡವಿತು.

ನನ್ನ ಕೈಗೆ ಬರುವ ಹೊತ್ತಿಗೆ ಕ್ಲೇಮಿನ ಎರಡು ಕರಡುಗಳು ಸಿದ್ಧವಾಗಿದ್ದವು. ಮಾವನೇ ಬರೆದ ಮೊದಲನೆಯದರಲ್ಲಿ, 40 ಮಿ.ಮೀ. ಅಗಲದ ಆರು ತಟ್ಟೆ, ಹನ್ನೆರಡು ಸುರುಳಿ ಸ್ಪ್ರಿಂಗು, ಒಂದು ಅಶ್ವಶಕ್ತಿಯ ಮೋಟಾರು, ಬೆಲ್ಟು, ಕೋನಕಬ್ಬಿಣದ ಚೌಕಟ್ಟು, ಕೆಳಗೆ ಸಿಪ್ಪೆ ಹಾರಿಸುವ ಫ್ಯಾನು ಎಲ್ಲವೂ ಇದ್ದವು. ಅಷ್ಟು ವಿವರ ಕೊಟ್ಟರೆ ರಕ್ಷಣೆ ಗಟ್ಟಿಯಾಗುತ್ತದೆ ಎಂಬುದು ಅವರ ಭಾವನೆ, ಹೆಚ್ಚಿನವರ ಭಾವನೆಯೂ ಅದೇ. ನಿಜ ಅದಕ್ಕೆ ತಲೆಕೆಳಗು. ಕ್ಲೇಮಿನಲ್ಲಿ ಹೆಸರಿಸಿದ ಅಂಗಗಳೆಲ್ಲವೂ ಎದುರಾಳಿಯ ಯಂತ್ರದಲ್ಲಿ ಇದ್ದರೆ ಮಾತ್ರ ಅದು ಉಲ್ಲಂಘನೆಯಾಗುತ್ತದೆ. ಆದ್ದರಿಂದ ಸೇರಿಸಿದ ಪ್ರತಿ ಅಂಗವೂ ಎದುರಾಳಿಗೆ ತೆರೆದ ಒಂದು ತಡಮೆ. ಏಳು ತಟ್ಟೆ ಹಾಕಿದವನೂ ಫ್ಯಾನು ಕಿತ್ತವನೂ ಆ ಕ್ಲೇಮಿನಿಂದ ಹೊರಗೆ.

ಎರಡನೆಯ ಕರಡು ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ಮಗನದು. ‘ಒತ್ತುವ ಮೇಲ್ಮೈಯು ಕಾಯಿಯ ಗಾತ್ರಕ್ಕೆ ತಕ್ಕಂತೆ ತಾನೇ ಸರಿಹೊಂದಿಕೊಳ್ಳುವ, ಸಿಪ್ಪೆ ತೆಗೆಯುವ ಯಾವುದೇ ಯಂತ್ರ’ ಎಂಬಷ್ಟೇ ಅದರ ಸಾರ. ಇದಕ್ಕೆ ಎರಡು ಕಡೆಯಿಂದ ಪೆಟ್ಟು. ಹಳೆಯ ದಾಖಲೆಗಳನ್ನು ಹುಡುಕಿದಾಗ, ಬೇರೆ ಬೆಳೆಗಳ ಸಿಪ್ಪೆ ಬಿಡಿಸುವ ಯಂತ್ರಗಳಲ್ಲಿ ಸ್ಪ್ರಿಂಗಿನ ಮೇಲೆ ಕೂತ ಇಡೀ ತಟ್ಟೆ ಸಿಕ್ಕಿತು. ಅದೂ ‘ತಾನೇ ಸರಿಹೊಂದಿಕೊಳ್ಳುವ’ ಮೇಲ್ಮೈಯೇ ಆದ್ದರಿಂದ ಹೊಸತನವೇ ಇಲ್ಲದಾಯಿತು. ಎರಡನೆಯದಾಗಿ, ಶೆಡ್ಡಿನಲ್ಲಿ ಇದ್ದದ್ದು ಒಂದು ಬಗೆಯ ವ್ಯವಸ್ಥೆ, ಕೇಳಿದ್ದು ಜಗತ್ತಿನ ಎಲ್ಲ ಬಗೆಯದನ್ನು. 1970ರ ಪೇಟೆಂಟ್ ಕಾಯಿದೆಯ ಕಲಂ 10(5)ರ ಪ್ರಕಾರ ಕ್ಲೇಮು ಸ್ಪಷ್ಟವಾಗಿ, ಚಿಕ್ಕದಾಗಿ ಇರುವುದಲ್ಲದೆ ವಿವರಣೆಯಲ್ಲಿ ಬಹಿರಂಗಪಡಿಸಿದ ವಿಷಯವನ್ನು ನ್ಯಾಯವಾಗಿ ಆಧರಿಸಿರಬೇಕು. ಹಾಗಿಲ್ಲದ ಕ್ಲೇಮು ಹೇಗೋ ನುಸುಳಿ ಪೇಟೆಂಟಾದರೂ ಕಲಂ 64ರ ಅಡಿ ಅದೇ ಕಾರಣಕ್ಕೆ ರದ್ದಾಗಬಹುದು.

ಮಗನಿಗೆ ನಾನು 1895ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಮಾನಿಸಿದ ವಿದ್ಯುದ್ದೀಪದ ಮೊಕದ್ದಮೆಯನ್ನು ಹೇಳಿದೆ. ಸಾಯರ್ ಮತ್ತು ಮ್ಯಾನ್ ಎಂಬವರು ಸುಟ್ಟು ಇಂಗಾಲವಾಗಿಸಿದ ಕಾಗದದ ಎಳೆಯಿಂದ ದೀಪ ಮಾಡಿ, ನಾರು ಇರುವ ಎಲ್ಲ ವಸ್ತುಗಳ ಇಂಗಾಲವೂ ತಮ್ಮದೆಂದು ಕ್ಲೇಮು ಮಾಡಿದ್ದರು. ಎಡಿಸನ್ನನ ಕಡೆಯವರು ಆರು ಸಾವಿರಕ್ಕೂ ಹೆಚ್ಚು ಸಸ್ಯವಸ್ತುಗಳನ್ನು ಪರೀಕ್ಷಿಸಿದರೂ ಚೆನ್ನಾಗಿ ಒದಗಿದ್ದು ಕೆಲವೇ ಜಾತಿಯ ಬಿದಿರು. ಕೋರ್ಟು ಕ್ಲೇಮನ್ನು ತಳ್ಳಿಹಾಕಿತು. ಆದರೆ ತೀರ್ಪಿನಲ್ಲಿ ನಮಗೆ ಬೇಕಾದ ಸುಳಿವೂ ಇತ್ತು. ನಾರಿನ ವಸ್ತುಗಳಿಗೆಲ್ಲ ಸಮಾನವಾದ, ಅವುಗಳನ್ನು ಈ ಕೆಲಸಕ್ಕೆ ಒದಗಿಸುವ ಒಂದು ಗುಣವನ್ನು ಅವರು ಕಂಡುಕೊಂಡಿದ್ದರೆ, ಅಷ್ಟು ಅಗಲದ ಕ್ಲೇಮೂ ಅತಿಯೆನಿಸದೆ ಇರಬಹುದಿತ್ತು ಎಂದು ಅಲ್ಲಿ ಹೇಳಿದೆ. ಆದ್ದರಿಂದ ನಾವು ಹುಡುಕಬೇಕಾದದ್ದು ಸ್ಪ್ರಿಂಗಿಗೂ ಅದರ ಬದಲಿಗೆ ಬರಬಹುದಾದ ವಸ್ತುಗಳಿಗೂ ಸಮಾನವಾದ ಗುಣವನ್ನು.

ಅದಕ್ಕೆ ನಾನು ಅನುಸರಿಸಿದ ಕ್ರಮ ಸರಳ. ಒಂದೊಂದೇ ಅಂಗವನ್ನು ಹೆಸರಿಸಿ, ಇದನ್ನು ತೆಗೆದರೆ ಏನಾಗುತ್ತದೆ, ಬದಲಿಸಿದರೆ ಏನಾಗುತ್ತದೆ ಎಂದು ಮಾವನನ್ನು ಕೇಳುತ್ತ ಹೋದೆ. ಮೋಟಾರು ತೆಗೆದರೆ ಕೈಯಲ್ಲಿ ತಿರುಗಿಸಬಹುದು, ಫ್ಯಾನಿಲ್ಲದಿದ್ದರೆ ಸಿಪ್ಪೆಯನ್ನು ಗೆರಸೆಯಲ್ಲಿ ಕೇರಬಹುದು. ಎರಡೂ ಕ್ಲೇಮಿನಿಂದ ಹೊರಬಿದ್ದವು. ಸ್ಪ್ರಿಂಗಿನ ಹತ್ತಿರ ಬಂದಾಗ ಮಾವ ತಡೆದರು.

‘ಅದು ಬಿಡ್ಲಿಕ್ಕಾಗುದಿಲ್ಲ ಮಾರಾಯ, ಸ್ಪ್ರಿಂಗ್ ಇಲ್ಲದೆ ಯಂತ್ರವೇ ಇಲ್ಲ.’

‘ಸ್ಪ್ರಿಂಗಿನ ಬದಲು ಬೇರೆ ಏನನ್ನೂ ಇಟ್ಟು ನೋಡಿದ್ದಿಲ್ವಾ ಮಾವ?’

ನೋಡಿದ್ದರು. ಸ್ಪ್ರಿಂಗು ಸಿಗದ ದಿನಗಳಲ್ಲಿ ಲಾರಿ ಟಯರಿನ ರಬ್ಬರು ಕತ್ತರಿಸಿ ಇಟ್ಟಿದ್ದರು, ಅದು ಕೆಲಸ ಮಾಡಿತ್ತು. ಅದಕ್ಕೂ ಮೊದಲು ತಟ್ಟೆಗೆ ಸನ್ನೆ ಕಟ್ಟಿ, ಸನ್ನೆಯ ಇನ್ನೊಂದು ತುದಿಗೆ ತೂಕದ ಕಲ್ಲು ತೂಗಿಸಿದ್ದರು. ಕೈಯಲ್ಲಿ ತಿರುಗಿಸುವಾಗ ಅದು ಸರಿಯಿತ್ತು. ಮೋಟಾರು ಹಾಕಿದ ಕೂಡಲೆ ತಟ್ಟೆ ಎಗರಲು ಶುರುವಾಗಿ, ಒಂದು ಅಡಿಕೆಗೆ ತಗ್ಗಿದ ತಟ್ಟೆ ಮುಂದಿನದು ಬರುವ ಮೊದಲು ಮೇಲೆ ಬರುತ್ತಲೇ ಇರಲಿಲ್ಲ. ಕಾರಣ ಸ್ಪಷ್ಟವಿದೆ. ತೂಕ ಒತ್ತುತ್ತದೆ ನಿಜ, ಆದರೆ ಆ ಕಲ್ಲಿನ ಜಡತ್ವವೇ ತಟ್ಟೆ ಬೇಗ ಹಿಂದಿರುಗದಂತೆ ತಡೆಯುತ್ತದೆ. ಸ್ಪ್ರಿಂಗಿಗೂ ರಬ್ಬರಿಗೂ ಸಮಾನವಾದ ಗುಣ ಬರೇ ತಗ್ಗುವುದಲ್ಲ, ಭಾರ ಸೇರಿಸದೆ ತಕ್ಷಣ ಹಿಂದಿರುಗುವುದು. ಹೀಗಾಗಿ ಕ್ಲೇಮಿನ ಪದ ‘ಸ್ಪ್ರಿಂಗು’ ಅಲ್ಲ, ‘ತಗ್ಗುವ ಆಧಾರ’ವೂ ಅಲ್ಲ, ‘ಸ್ಥಿತಿಸ್ಥಾಪಕ ಆಧಾರ’ ಎಂದಾಯಿತು. ತೂಕದ ಕಲ್ಲು ಹೊರಗುಳಿಯಿತು, ಅದು ಸೋತ ಕಥೆ ಮಾತ್ರ ವಿವರಣೆಯೊಳಗೆ ಬಂತು. ಸೋತ ಪ್ರಯೋಗವನ್ನು ಬರೆಯಲು ಸಂಶೋಧಕರು ಸಾಮಾನ್ಯವಾಗಿ ಹಿಂಜರಿಯುತ್ತಾರೆ. ಆದರೆ ಗಡಿಯನ್ನು ಇಲ್ಲಿಯೇ ಏಕೆ ಎಳೆದೆವು ಎಂದು ತೋರಿಸುವುದಕ್ಕೆ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ನನಗೆ ಸಿಕ್ಕಿಲ್ಲ.

ತಟ್ಟೆಯ ಅಗಲದ ಪ್ರಶ್ನೆ ಇನ್ನೂ ಕಷ್ಟದ್ದು. ಮಾವನ ಬಳಿ ಇದ್ದದ್ದು 40 ಮಿ.ಮೀ. ಮಾತ್ರ. ಒಂದೇ ಅಳತೆಯಿಂದ ವ್ಯಾಪ್ತಿಯನ್ನು ಕ್ಲೇಮು ಮಾಡಲಾಗದು. ನಾನು ಮೇಜಿನ ಮುಂದೆ ಕೂತು ‘20ರಿಂದ 80’ ಎಂದು ಬರೆದುಬಿಡಬಹುದಿತ್ತು, ಹಾಗೆ ಬರೆದ ಅರ್ಜಿಗಳು ಬೇಕಾದಷ್ಟಿವೆ. ಅದರ ಬದಲು ಬೇರೆ ಬೇರೆ ಅಗಲದ ತಟ್ಟೆಗಳನ್ನು ಮಾಡಿಸಿ ಓಡಿಸಲು ಹೇಳಿದೆ. ‘ಅರ್ಜಿ ಬರೀಲಿಕ್ಕೆ ವೆಲ್ಡಿಂಗ್ ಖರ್ಚು ಬೇರೆಯಾ?’ ಎಂದು ಮಾವ ಗೊಣಗಿದರು, ಮಾಡಿಸಿದರು ಕೂಡ. ಪ್ರತಿ ಅಗಲಕ್ಕೂ ಆರಿಸದೆ ರಾಶಿಯಿಂದಲೇ ತೆಗೆದ 200 ಅಡಿಕೆ. ತುಂಡು ಮಾಡದ ಇಡೀ ತಟ್ಟೆಯಲ್ಲಿ ಒಡೆದವು 23. ಎರಡು ತಟ್ಟೆಗಳನ್ನು ಬೋಲ್ಟಿನಲ್ಲಿ ಬಿಗಿದು 80 ಮಿ.ಮೀ. ಮಾಡಿದಾಗ 17, 60ರಲ್ಲಿ 9, 40ರಲ್ಲಿ 6, 30ರಲ್ಲೂ 6. ಎರಡು ಅಡಿಕೆಗಳು ಒಂದೇ ತಟ್ಟೆಯ ಮೇಲೆ ಒಟ್ಟಿಗೆ ಕೂರುವಷ್ಟು ಅಗಲವಾದರೆ ಲಾಭ ಕರಗುತ್ತದೆ ಎಂಬುದು ಇದರಿಂದ ಕಾಣುತ್ತದೆ. 20 ಮಿ.ಮೀ.ನಲ್ಲಿ ಬೇರೆಯೇ ತೊಂದರೆ ಎದ್ದಿತು. ತಟ್ಟೆಗಳ ನಡುವಿನ ಸೀಳುಗಳು ಹೆಚ್ಚಾಗಿ, ಸಿಪ್ಪೆಯ ನಾರು ಅವುಗಳೊಳಗೆ ಸೇರಿ ಗಿಡಿದು, ಅರ್ಧ ಗಂಟೆಯೊಳಗೆ ತಟ್ಟೆಗಳು ಒಂದಕ್ಕೊಂದು ಕಚ್ಚಿಕೊಂಡು ಇಡೀ ತಟ್ಟೆಯಂತೆಯೇ ವರ್ತಿಸಿದವು. 30ರಿಂದ 60 ಎಂಬ ವ್ಯಾಪ್ತಿಗೆ ಎರಡು ತುದಿಯಲ್ಲೂ ಅಳತೆ, ನಡುವೆಯೂ ಒಂದು ಅಳತೆ, ಆಚೆಗೂ ಈಚೆಗೂ ಏಕೆ ಹೋಗಲಿಲ್ಲ ಎಂಬುದಕ್ಕೆ ಕಾರಣ, ಎಲ್ಲ ಒದಗಿದವು. ಈ ಅಂಕಿಗಳನ್ನು ಹಾಗೆಯೇ ವಿವರಣೆಗೆ ಸೇರಿಸಿದೆ.

ಈ ನಡುವೆ ಒಂದು ಸಣ್ಣ ಜಟಾಪಟಿಯೂ ಆಯಿತು. ತಟ್ಟೆಯ ಮೇಲೆ 10 ಕಿಲೋ ತೂಕ ಇಟ್ಟರೆ ಅದು 5 ಮಿ.ಮೀ. ತಗ್ಗಬೇಕು, ಅದಕ್ಕಿಂತ ಬಿಗಿಯಾದರೂ ಸಡಿಲವಾದರೂ ಸುಲಿತ ಸರಿಬಾರದು ಎಂಬುದು ಮಾವ ತಿಂಗಳುಗಟ್ಟಲೆ ಒದ್ದಾಡಿ ಕಂಡುಕೊಂಡ ಲೆಕ್ಕ. ಅದನ್ನು ಬರೆಯಬಾರದು, ಅದು ನನ್ನ ಗುಟ್ಟು ಎಂದು ಅವರ ಹಟ. ಆದರೆ ಅರ್ಜಿದಾರನಿಗೆ ತಿಳಿದಿರುವ ಅತ್ಯುತ್ತಮ ವಿಧಾನವನ್ನು ಬಹಿರಂಗಪಡಿಸಲೇಬೇಕೆಂದು ಕಲಂ 10(4) ಹೇಳುತ್ತದೆ. ವಿವರಣೆಯಲ್ಲಿ ಅದು ಬಂತು, ಮೊದಲ ಕ್ಲೇಮಿನಲ್ಲಿ ಬರಲಿಲ್ಲ. ಈ ಎರಡರ ವ್ಯತ್ಯಾಸ ಮನದಟ್ಟಾದ ಮೇಲೆ ಅವರು ಸುಮ್ಮನಾದರು.

ಇನ್ನು ಭಾಷೆಯ ವಿಷಯ. ಪೇಟೆಂಟ್ ವಿವರಣೆಯನ್ನು ಹಿಂದಿಯಲ್ಲಿ ಇಲ್ಲವೆ ಇಂಗ್ಲಿಷಿನಲ್ಲಿ ಸಲ್ಲಿಸಬೇಕು. ಮಾವನ ಟಿಪ್ಪಣಿ ಪೂರ್ತಿ ಕನ್ನಡದಲ್ಲಿತ್ತು, ಮತ್ತು ಅದರಲ್ಲಿ ಎರಡು ಅಪಾಯದ ಮಾತುಗಳಿದ್ದವು. ಒಂದು, ನನ್ನೊಡನೆ ಹೇಳಿದ್ದೇ: ‘ಸ್ಪ್ರಿಂಗ್ ಇಲ್ಲದೆ ಆಗುವುದಿಲ್ಲ.’ ಅದು ಹಾಗೆಯೇ ವಿವರಣೆಗೆ ಇಳಿದಿದ್ದರೆ, ‘ಸ್ಥಿತಿಸ್ಥಾಪಕ ಆಧಾರ’ ಎಂಬ ಅಗಲದ ಕ್ಲೇಮನ್ನು ನಮ್ಮ ವಿವರಣೆಯೇ ಕಡಿಯುತ್ತಿತ್ತು. 1998ರಲ್ಲಿ ಅಮೆರಿಕದ ಜೆಂಟ್ರಿ ಗ್ಯಾಲರಿ ಮೊಕದ್ದಮೆಯಲ್ಲಿ ಆದದ್ದು ಇದೇ. ಒರಗುವ ಸೋಫಾದ ನಿಯಂತ್ರಣಗಳು ಎರಡು ಆಸನಗಳ ನಡುವಿನ ಕಟ್ಟೆಯ ಮೇಲೆಯೇ ಇರುವಂತೆ ವಿವರಣೆ ಹೇಳಿತ್ತು, ಬೇರೆ ಜಾಗದ ಮಾತೇ ಅದರಲ್ಲಿ ಇರಲಿಲ್ಲ. ನಿಯಂತ್ರಣಗಳು ಎಲ್ಲಿದ್ದರೂ ತಮ್ಮದೇ ಎನ್ನುವ ಕ್ಲೇಮುಗಳಿಗೆ ವಿವರಣೆಯ ಆಧಾರವಿಲ್ಲವೆಂದು ಅಲ್ಲಿನ ನ್ಯಾಯಾಲಯ ಅವುಗಳನ್ನು ಅಸಿಂಧುಗೊಳಿಸಿತು. ನಮ್ಮ ವಿವರಣೆಯಲ್ಲಿ ಸ್ಪ್ರಿಂಗನ್ನು ‘ಒಂದು ರೂಪದಲ್ಲಿ’ ಎಂದು, ರಬ್ಬರನ್ನು ‘ಇನ್ನೊಂದು ರೂಪದಲ್ಲಿ’ ಎಂದು ಬೇರೆ ಬೇರೆ ಪ್ಯಾರಾಗಳಲ್ಲಿ, ಬೇರೆ ಬೇರೆ ಚಿತ್ರಗಳೊಂದಿಗೆ ಬರೆದೆ.

ಎರಡನೆಯ ಮಾತು ‘ತಟ್ಟೆ ಕೆಳಕ್ಕೆ ತಗ್ಗುತ್ತದೆ’ ಎಂಬುದು. ಶೆಡ್ಡಿನ ಯಂತ್ರದಲ್ಲಿ ತಟ್ಟೆ ಉರುಳೆಯ ಅಡಿಯಲ್ಲಿದೆ, ಹಾಗಾಗಿ ಮಾತು ಸತ್ಯವೇ. ಆದರೆ ತಟ್ಟೆಯನ್ನು ಉರುಳೆಯ ಪಕ್ಕಕ್ಕೆ ನಿಲ್ಲಿಸಿದ ಯಂತ್ರದಲ್ಲಿ ಅದು ಕೆಳಕ್ಕಲ್ಲ, ಬದಿಗೆ ಸರಿಯುತ್ತದೆ. ‘ಕೆಳಕ್ಕೆ’ ಎಂಬ ಒಂದು ಪದಕ್ಕೆ ಕ್ಲೇಮಿನಲ್ಲಿ ಜಾಗ ಕೊಟ್ಟರೆ ಆ ಯಂತ್ರ ತಪ್ಪಿಸಿಕೊಳ್ಳಲು ದಾರಿಯಾಗುತ್ತದೆ. ಅಲ್ಲಿ ‘ಉರುಳೆಯಿಂದ ದೂರಕ್ಕೆ’ ಎಂದು ಬರೆದು, ಪಕ್ಕಕ್ಕೆ ನಿಲ್ಲಿಸಿದ ತಟ್ಟೆಯ ಒಂದು ಚಿತ್ರವನ್ನೂ ಕೊಟ್ಟೆ.

ಚೆನ್ನೈ ಪೇಟೆಂಟ್ ಕಚೇರಿಗೆ ಸಲ್ಲಿಸಿದಾಗ ಮೊದಲ ಕ್ಲೇಮಿನ ಸಾರ ಹೀಗಿತ್ತು: ಹಲ್ಲುಗಳಿರುವ ತಿರುಗುವ ಉರುಳೆ, ಅದರ ಎದುರಿಗೆ, ಉರುಳೆಯ ಉದ್ದಕ್ಕೂ ಒಂದರ ಪಕ್ಕ ಒಂದು ಇಟ್ಟ ಅನೇಕ ಬಾಗಿದ ತಟ್ಟೆಗಳು, ಪ್ರತಿ ತಟ್ಟೆಯೂ ಪಕ್ಕದ ತಟ್ಟೆಯ ಹಂಗಿಲ್ಲದೆ ಉರುಳೆಯಿಂದ ದೂರಕ್ಕೆ ಸರಿದು ಹಿಂದಿರುಗುವಂತೆ ಅದಕ್ಕೆ ತನ್ನದೇ ಸ್ಥಿತಿಸ್ಥಾಪಕ ಆಧಾರ. ಅಗಲದ ಅಂಕಿಯನ್ನು ಇಲ್ಲಿ ಬೇಕೆಂದೇ ಬಿಟ್ಟಿದ್ದೆ. ಎರಡನೆಯ ಕ್ಲೇಮು ಮೊದಲನೆಯದನ್ನು ಆಶ್ರಯಿಸಿ 30ರಿಂದ 60 ಮಿ.ಮೀ. ಎಂದಿತು. ಮೂರನೆಯದು ಸುರುಳಿ ಸ್ಪ್ರಿಂಗು, ನಾಲ್ಕನೆಯದು ರಬ್ಬರು, ಐದನೆಯದು 40 ಮಿ.ಮೀ. ಹೀಗೆ ಒಂದರ ಹಿಂದೆ ಒಂದು ಕಟ್ಟಿದ ಸಣ್ಣ ಸಣ್ಣ ಬೇಲಿಗಳು.

ಈ ಹಿಂಬೇಲಿಗಳ ಅಗತ್ಯ ಕಲಂ 59ರಿಂದ ಬರುತ್ತದೆ. ಸಲ್ಲಿಸಿದ ಮೇಲೆ ಮಾಡುವ ತಿದ್ದುಪಡಿ ಮೊದಲಿನ ಕ್ಲೇಮಿನ ವ್ಯಾಪ್ತಿಯೊಳಗೇ ಪೂರ್ತಿಯಾಗಿ ಬೀಳಬೇಕು, ಮತ್ತು ಮೂಲ ವಿವರಣೆಯಲ್ಲಿ ಸಾರತಃ ಇಲ್ಲದ ವಿಷಯವನ್ನು ಸೇರಿಸುವಂತಿಲ್ಲ. ಕಿರಿದಾಗಿಸಬಹುದು, ಹಿರಿದಾಗಿಸಲಾಗದು. ಕಿರಿದಾಗಿಸುವುದಕ್ಕೂ ಬೇಕಾದ ಮಾತು ಮೊದಲ ದಿನವೇ ಕಾಗದದ ಮೇಲೆ ಇರಬೇಕು.

ಪರೀಕ್ಷಕರ ಮೊದಲ ವರದಿ ಬಂದಾಗ, ನನ್ನ ಹುಡುಕಾಟಕ್ಕೆ ಸಿಗದಿದ್ದ ಒಂದು ಹಳೆಯ ದಾಖಲೆಯನ್ನು ಅವರು ತೋರಿಸಿದ್ದರು. ಬೇರೊಂದು ಬೆಳೆಯ ಯಂತ್ರದಲ್ಲಿ ಬಾಗಿದ ತಟ್ಟೆಯನ್ನು ಎಡ-ಬಲ ಎಂದು ಎರಡು ಹೋಳು ಮಾಡಿ, ಎರಡಕ್ಕೂ ಬೇರೆ ಬೇರೆ ಸ್ಪ್ರಿಂಗು ಕೊಟ್ಟಿದ್ದರು. ಕ್ಲೇಮಿನ ಭಾಷೆಯಲ್ಲಿ ಎರಡಿದ್ದರೂ ‘ಅನೇಕ’ವೇ, ಆದ್ದರಿಂದ ನಮ್ಮ ಮೊದಲ ಕ್ಲೇಮು ಅಲ್ಲಿಗೆ ಬಿತ್ತು. ಸಂಖ್ಯೆ ಹೇಳಿದ್ದರೆ ಕಟ್ಟಿಹಾಕಿಕೊಳ್ಳುತ್ತೇವೆ ಎಂಬ ಭಯದಿಂದ ನಾನು ಬಳಸಿದ್ದ ಪದವೇ ಅದು. ಉತ್ತರಕ್ಕೆ ಆರು ತಿಂಗಳ ಅವಧಿ ಇತ್ತು. ನಾವು ಎರಡನೆಯ ಕ್ಲೇಮಿನ 30ರಿಂದ 60 ಮಿ.ಮೀ. ಎಂಬ ಮಿತಿಯನ್ನು ಮೊದಲನೆಯದರೊಳಗೆ ತಂದೆವು. ಹಳೆಯ ಯಂತ್ರದ ಹೋಳುಗಳು ಅದಕ್ಕಿಂತ ಎಷ್ಟೋ ಅಗಲ, ಒಂದೊಂದರ ಮೇಲೂ ಹಲವು ಕಾಯಿಗಳು ಒಟ್ಟಿಗೆ ಕೂರುತ್ತಿದ್ದವು.

ಪ್ರಶ್ನೆ ಅಷ್ಟಕ್ಕೆ ಮುಗಿಯಲಿಲ್ಲ. ಎರಡು ಹೋಳನ್ನು ಆರು ಮಾಡುವುದರಲ್ಲಿ ಏನು ಹೆಚ್ಚುಗಾರಿಕೆ, ಕಸುಬು ತಿಳಿದ ಯಾರಿಗೂ ಹೊಳೆಯುವುದಿಲ್ಲವೆ ಎಂದು ವಿಚಾರಣೆಯಲ್ಲಿ ಕೇಳಿದರು. ಅಲ್ಲಿ ನೆರವಾದದ್ದು ವೆಲ್ಡಿಂಗ್ ಖರ್ಚಿನ ಆ ಅಂಕಿಗಳೇ. ಕಿರಿದಾಗುತ್ತ ಹೋದಂತೆ ಲಾಭ ಒಂದೇ ಸಮ ಹೆಚ್ಚುವುದಿಲ್ಲ, 80ರಿಂದ 60ಕ್ಕೆ ಬಂದಾಗ ಒಡೆಯುವುದು ಸುಮಾರು ಅರ್ಧಕ್ಕೆ ಇಳಿಯುತ್ತದೆ, 20ಕ್ಕೆ ಹೋದರೆ ನಾರು ಗಿಡಿದು ವ್ಯವಸ್ಥೆಯೇ ಕೆಡುತ್ತದೆ, ‘ಹೆಚ್ಚು ತುಂಡು ಮಾಡು’ ಎಂಬ ಬರೇ ಊಹೆಯಿಂದ ಈ ಜಾಗ ಸಿಗುವುದಿಲ್ಲ ಎಂದು ವಾದಿಸಿದೆ. ಅಂಕಿಗಳು ಸಲ್ಲಿಸಿದ ದಿನವೇ ವಿವರಣೆಯಲ್ಲಿ ಇದ್ದುದರಿಂದ ಅವು ಆಮೇಲೆ ಹೆಣೆದವು ಎನ್ನಲು ಬರುತ್ತಿರಲಿಲ್ಲ. ತಿದ್ದಿದ ಕ್ಲೇಮಿಗೆ ಪೇಟೆಂಟ್ ಸಿಕ್ಕಿತು.

ಈ ಕ್ಲೇಮಿನಲ್ಲಿ ಎರಡು ಕಿಂಡಿ ಉಳಿದಿವೆ ಎಂಬುದನ್ನು ಬಚ್ಚಿಡಬೇಕಾಗಿಲ್ಲ. ತಟ್ಟೆಯನ್ನು ಇಡಿಯಾಗಿಯೇ ಬಿಟ್ಟು, ಉರುಳೆಯನ್ನು ಬಿಲ್ಲೆಗಳಾಗಿ ತುಂಡು ಮಾಡಿ ಪ್ರತಿ ಬಿಲ್ಲೆಗೂ ಬೇರೆ ಸ್ಪ್ರಿಂಗು ಕೊಡುವ ಯಂತ್ರ ಇದರ ಹೊರಗಿದೆ. ಬರೆಯುವಾಗಲೇ ಅದು ನನಗೆ ಹೊಳೆದಿತ್ತು. ತಿರುಗುವ ಬಿಲ್ಲೆಗಳಿಗೆ ಚಾಲನೆ ಕೊಡುತ್ತಲೇ ಅವು ಸರಿಯುವಂತೆ ಮಾಡುವುದು ಹೇಗೆ ಎಂದು ಮಾವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮಾಡುವ ಬಗೆ ಗೊತ್ತಿಲ್ಲದ್ದನ್ನು ಕ್ಲೇಮಿಗೆ ತುರುಕಲು ಮನಸ್ಸಾಗಲಿಲ್ಲ.

ಇನ್ನೊಂದು ಕಿಂಡಿ ಪೂರ್ತಿ ನನ್ನ ತಪ್ಪು. ಪೇಟೆಂಟ್ ಪತ್ರ ತೋರಿಸಲು ಪೆರ್ಲಕ್ಕೆ ಹೋಗಿದ್ದಾಗ ಮಾವ ಕನ್ನಡಕ ಹಾಕಿ ಕ್ಲೇಮಿನ ಅಂಕಿಗಳನ್ನು ಎರಡೆರಡು ಸಲ ನೋಡಿ ಕೇಳಿದರು, ‘ಯಾರಾದ್ರೂ 70 ಮಾಡಿದ್ರೆ?’ ನಮ್ಮ ಅಂಕಿಗಳು 60ರಿಂದ ಒಮ್ಮೆಲೇ 80ಕ್ಕೆ ಹಾರಿದ್ದವು, ನಡುವೆ ಇನ್ನೊಂದು ತಟ್ಟೆ ಮಾಡಿಸಬೇಕೆಂದು ನನಗೆ ತೋಚಿರಲಿಲ್ಲ. 70 ಮಾಡಿದವನನ್ನು ಹಿಡಿಯುವುದು ಕಷ್ಟ, ಅವನ ಯಂತ್ರದಲ್ಲಿ ಅಡಿಕೆ ಹೆಚ್ಚು ಒಡೆಯಬಹುದು ಎಂದೆ. ಮುಂದಿನ ವಾರ ಅವರೇ 70 ಮಿ.ಮೀ. ತಟ್ಟೆ ಮಾಡಿಸಿ 200 ಅಡಿಕೆ ಹಾಕಿ, ಫೋನು ಮಾಡಿ ತಿಳಿಸಿದರು: ಒಡೆದದ್ದು 11. ಅದನ್ನು ಈಗ ವಿವರಣೆಗೆ ಸೇರಿಸಲು ಸಾಧ್ಯವಿಲ್ಲ. ಅಂಕಿ ಅವರ ಡೈರಿಯಲ್ಲಿದೆ.